ಲೋಗೋ ಅಳಿಸಿ, 30% ಬದಲಿಸಿದರೆ ಎಐ ಮಾಡಿದ ಬಟ್ಟೆ ಡಿಸೈನ್ ನಮ್ಮದಾಗುತ್ತದೆಯೇ?

"ಬ್ರ್ಯಾಂಡ್ ಬಟ್ಟೆಯ ಫೋಟೋವನ್ನು ಎಐ ಆ್ಯಪ್‌ಗೆ ಹಾಕಿ, ಲೋಗೋ ತೆಗೆದು 30% ಬದಲಿಸಿ. ಆಮೇಲೆ ಅದು ನಿಮ್ಮದೇ ಡಿಸೈನ್." ಬಟ್ಟೆ ಮಾರುವವರ ವಾಟ್ಸಾಪ್ ಗುಂಪುಗಳಲ್ಲಿ ಹೀಗೆ ಹೇಳುವ ಸಂದೇಶಗಳನ್ನು ನೀವೂ ನೋಡಿರಬಹುದು. ಇದು ಸುಳ್ಳು. ಭಾರತದ ಯಾವ ಕಾನೂನಿನಲ್ಲೂ ಇಂಥ ಶೇಕಡಾ ಲೆಕ್ಕವಿಲ್ಲ.

ಒಂದು ಉದಾಹರಣೆ ನೋಡೋಣ. ಶಹಾಪುರದಲ್ಲಿ ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿದು, ವಾಟ್ಸಾಪ್ ಸ್ಟೇಟಸ್‌ನಲ್ಲಿ ಫೋಟೋ ಹಾಕಿ ಯಾದಗಿರಿ, ಸುರಪುರದವರೆಗೂ ಮಾರುವ ಅಕ್ಕ ಒಬ್ಬರಿದ್ದಾರೆ ಅಂದುಕೊಳ್ಳಿ. ಸಾದಾ ಟ್ರ್ಯಾಕ್‌ಸೂಟಿನ ಫೋಟೋ ಕೊಟ್ಟು ಎಐಗೆ ಅವರು ಬರೆಯುತ್ತಾರೆ: "ಇದನ್ನು ಅಡಿಡಾಸ್ ಥರ ಮಾಡು, ಲೋಗೋ ಬೇಡ." ಬಂದ ಚಿತ್ರದಲ್ಲಿ ಹೆಸರೂ ಇಲ್ಲ, ಲೋಗೋವೂ ಇಲ್ಲ. ಆದರೆ ತೋಳಿನುದ್ದಕ್ಕೂ ಮೂರು ಬಿಳಿ ಪಟ್ಟೆ ಇಳಿದಿವೆ.

ಸಮಸ್ಯೆ ಇರುವುದೇ ಆ ಪಟ್ಟೆಗಳಲ್ಲಿ. ಅಡಿಡಾಸ್‌ನ ಮೂರು ಪಟ್ಟೆಯೇ ಒಂದು ಟ್ರೇಡ್‌ಮಾರ್ಕ್. ಬರ್ಬರಿಯ ಚೌಕಳಿ, ಲೂಯಿ ವಿಟಾನ್‌ನ ಅಕ್ಷರ-ಹೂವಿನ ವಿನ್ಯಾಸವೂ ಹಾಗೆಯೇ. ಕ್ರಿಸ್ಚಿಯನ್ ಲುಬೂಟಿನ್ ಚಪ್ಪಲಿಯ ಕೆಂಪು ಅಡಿಯನ್ನು ದೆಹಲಿ ಹೈಕೋರ್ಟ್ 2017ರಲ್ಲಿ ಸುಪ್ರಸಿದ್ಧ ಟ್ರೇಡ್‌ಮಾರ್ಕ್ ಎಂದು ಒಪ್ಪಿದೆ. ಅಂದರೆ ಹೆಸರು ಬರೆಯದಿದ್ದರೂ ಒಂದು ಬಣ್ಣ, ಒಂದು ಗೆರೆ ಸಾಕು. ಇಂಥ ಪ್ರಕರಣದಲ್ಲಿ ಕೋರ್ಟ್ ಅಳತೆಪಟ್ಟಿ ಹಿಡಿದು ಎಷ್ಟು ಬದಲಾಗಿದೆ ಎಂದು ಲೆಕ್ಕ ಹಾಕುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದ, ಮಸುಕಾದ ನೆನಪಿನಿಂದ ಕೊಳ್ಳುವ ಸಾಮಾನ್ಯ ಗ್ರಾಹಕ ಗೊಂದಲಕ್ಕೆ ಬೀಳುತ್ತಾನೆಯೇ ಎಂದು ಕೇಳುತ್ತದೆ.

"ಇನ್ನೂ ಒಂದೂ ಮಾರಿಲ್ಲ, ಬರೀ ಸ್ಟೇಟಸ್ ಹಾಕಿದ್ದೇನೆ" ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಮಾರಾಟಕ್ಕೆ ಇಡುವುದು, ಜಾಹೀರಾತಿನಲ್ಲಿ ತೋರಿಸುವುದು ಕೂಡ ಬಳಕೆಯೇ. ಸುಳ್ಳು ಟ್ರೇಡ್‌ಮಾರ್ಕ್ ಹಾಕಿದ್ದು ಸಾಬೀತಾದರೆ 103ನೇ ಸೆಕ್ಷನ್‌ನಲ್ಲಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. "ಫಸ್ಟ್ ಕಾಪಿ" ಎಂದು ಬರೆದುಕೊಂಡರೆ ರಕ್ಷಣೆ ಸಿಗುವುದಿಲ್ಲ. ಅದು ತಪ್ಪನ್ನು ನೀವೇ ಒಪ್ಪಿಕೊಂಡಂತೆ.

ಡಿಸೈನರ್ ಲೆಹೆಂಗಾದ ಹೂಬಳ್ಳಿ, ಪ್ರಿಂಟ್‌ಗಳ ವಿಷಯ ಸ್ವಲ್ಪ ಬೇರೆ. ಅವುಗಳನ್ನು 2000ದ ಡಿಸೈನ್ಸ್ ಕಾಯ್ದೆಯಡಿ ನೋಂದಾಯಿಸಿದ್ದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಇರುತ್ತದೆ. ಆ ಅವಧಿಯಲ್ಲಿ ಪೂರ್ತಿ ನಕಲು ಮಾತ್ರವಲ್ಲ, ಕಣ್ಣಿಗೆ ಕಾಣುವ ಅನುಕರಣೆಯೂ ತಪ್ಪು. ಬಣ್ಣ ಬದಲಿಸಿ, ಹೂವನ್ನು ಎಡದಿಂದ ಬಲಕ್ಕೆ ತಿರುಗಿಸಿದರೆ ಪಾರಾಗುವುದು ಕಷ್ಟ. ಇನ್ನೊಂದು ಅಂಗಡಿಯ ಮಾಡೆಲ್ ಫೋಟೋವನ್ನೇ ಎಐಗೆ ಕೊಟ್ಟರೆ ಆ ಫೋಟೋದ ಕಾಪಿರೈಟ್ ಪ್ರಶ್ನೆ ಬೇರೆ ಏಳುತ್ತದೆ.

ಹಾಗಾದರೆ ಆ ಅಕ್ಕ ಏನು ಬರೆಯಬೇಕಿತ್ತು? ಬ್ರ್ಯಾಂಡ್ ಅಥವಾ ಡಿಸೈನರ್ ಹೆಸರನ್ನು "ಬೇಡ" ಎನ್ನುವುದಕ್ಕೂ ಬರೆಯಬಾರದು. ಎಷ್ಟೋ ಸಲ ಎಐ "ಬೇಡ" ಎಂಬುದನ್ನು ಬಿಟ್ಟು ಹೆಸರನ್ನಷ್ಟೇ ಹಿಡಿಯುತ್ತದೆ, ಆ ಹೆಸರಿನ ಜೊತೆ ಕಲಿತ ಪಟ್ಟೆ, ಬಣ್ಣಗಳನ್ನು ಎಳೆದು ತರುತ್ತದೆ. ಬೇಕಾದ ಬಟ್ಟೆಯನ್ನೇ ವರ್ಣಿಸಿ, ಸ್ವಂತ ಫೋಟೋದೊಂದಿಗೆ ಹೀಗೆ ಕೊಡಬಹುದು:

```
ನಾನು ಕೊಟ್ಟ ಫೋಟೋದ ಟ್ರ್ಯಾಕ್‌ಸೂಟ್: ಕಡುನೀಲಿ ಹತ್ತಿ ಬಟ್ಟೆ.
ತೋಳು, ಎದೆ ಪೂರ್ತಿ ಸಾದಾ. ಕಾಲರ್ ಅಂಚಿಗೆ ಮಾತ್ರ
ಒಂದು ತೆಳು ಹಳದಿ ಪೈಪಿಂಗ್. ಹೊಲಿಗೆ, ಅಳತೆ ಬದಲಿಸಬೇಡ.
```

ಚಿತ್ರ ಬಂದ ಮೇಲೆ ಹಿಗ್ಗಿಸಿ ನೋಡಿ. ಎದೆಯ ಎಡಭಾಗ, ಜಿಪ್‌ನ ತುದಿ, ಗುಂಡಿ, ಬೆನ್ನಿನ ಲೇಬಲ್, ಮಾಡೆಲ್ ಹಾಕಿದ ಶೂ: ಕೇಳದೇ ಇದ್ದ ಲೋಗೋ ಅಡಗಿ ಕೂರುವುದು ಹೆಚ್ಚಾಗಿ ಇಲ್ಲಿಯೇ. ನಂತರ ಅದೇ ಚಿತ್ರವನ್ನು Google Lens ನಲ್ಲಿ ಹುಡುಕಿ. ಪದೇಪದೇ ಒಂದೇ ಬ್ರ್ಯಾಂಡ್ ಬಂದರೆ ಅದನ್ನು ಕೈಬಿಡಿ. ಅನುಮಾನವಿದ್ದರೆ ipindia.gov.in ತಾಣದಲ್ಲಿ ಟ್ರೇಡ್‌ಮಾರ್ಕ್ ಹುಡುಕಾಟ ಉಚಿತ. ಸಿದ್ಧ ಉಡುಪುಗಳು ಅಲ್ಲಿ 25ನೇ ವರ್ಗದಲ್ಲಿ ಸಿಗುತ್ತವೆ. ಲೆನ್ಸ್‌ನಲ್ಲಿ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಡಿಸೈನ್ ನೋಂದಣಿಯಾಗಿಲ್ಲ ಎಂದರ್ಥವಲ್ಲ, ಅದೊಂದು ಜರಡಿ ಅಷ್ಟೇ.

ನಮ್ಮ ಕಡೆಯ ವಿನ್ಯಾಸಗಳನ್ನು ಬಳಸುವಾಗಲೂ ಒಂದು ಎಚ್ಚರ ಬೇಕು. ಇಳಕಲ್ ಸೆರಗಿನ ಸಾಂಪ್ರದಾಯಿಕ ತೆನೆಯ ವಿನ್ಯಾಸ ಒಬ್ಬ ಡಿಸೈನರ್‌ನ ಸ್ವತ್ತಲ್ಲ, ಅದರಿಂದ ಸ್ಫೂರ್ತಿ ಪಡೆಯಬಹುದು. ಆದರೆ ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ. ಎಐ ಬಿಡಿಸಿದ ಅಂಚನ್ನು ಪಾಲಿಯೆಸ್ಟರ್ ಮೇಲೆ ಅಚ್ಚು ಹಾಕಿಸಿ "ಇಳಕಲ್ ಸೀರೆ" ಎಂದು ಮಾರುವಂತಿಲ್ಲ. ಸುರಪುರದ ನಾಯಕರ ಕಾಲದ ಚಿತ್ರಗಳ ಹೂಬಳ್ಳಿಗೆ ಕಾಪಿರೈಟ್ ಅವಧಿ ಮುಗಿದು ಎಷ್ಟೋ ಕಾಲವಾಗಿದೆ, ಆದರೆ ಅದೇ ಶೈಲಿಯಲ್ಲಿ ಇಂದು ಬರೆಯುವ ಕಲಾವಿದರ ಚಿತ್ರಕ್ಕೆ ಅವರ ಜೀವಿತಾವಧಿ ಮತ್ತು ನಂತರದ 60 ವರ್ಷ ಕಾಪಿರೈಟ್ ಇರುತ್ತದೆ.

ಮೂರು ಪಟ್ಟೆಯ ಫೋಟೋ ಈಗಾಗಲೇ ಹಾಕಿದ್ದರೆ ಸ್ಟೇಟಸ್ 24 ಗಂಟೆಯಲ್ಲಿ ತಾನೇ ಹೋಗುತ್ತದೆ. ಕ್ಯಾಟಲಾಗ್, ಇನ್‌ಸ್ಟಾಗ್ರಾಂ, ಗುಂಪುಗಳಲ್ಲಿ ಮಾತ್ರ ಅದು ಉಳಿದಿರುತ್ತದೆ, ಅಲ್ಲಿ ನೀವೇ ಹುಡುಕಿ ತೆಗೆಯಬೇಕು. ಹೊಸ ಡಿಸೈನ್ ಮಾಡಿದಾಗ ಮೂಲ ಫೋಟೋ, ಬರೆದ ಸೂಚನೆ, ತಾರೀಖು ಮೂರನ್ನೂ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ನಾಳೆ ನೋಟಿಸ್ ಬಂದರೆ ವಕೀಲರು ಮೊದಲು ಕೇಳುವುದು ಅದನ್ನೇ.