ಮದ್ದಿನ ಕೋಣೆಯ ಲೆಕ್ಕ

ಶಿವಕಾಶಿಯ ಪಟಾಕಿ ಕಾರ್ಖಾನೆಯೆಂದರೆ ಬಯಲಲ್ಲಿ ದೂರದೂರ ನಿಂತ ಪುಟ್ಟ ಕೋಣೆಗಳು. ಒಂದು ಸಿಡಿದರೂ ಪಕ್ಕದ್ದು ಹೊತ್ತಿಕೊಳ್ಳಬಾರದೆಂದೇ ಈ ಅಂತರ. ಒಳಗಿರುವ ಮದ್ದು ಹೆಚ್ಚಿದಷ್ಟೂ ಅಂತರವೂ ಹೆಚ್ಚಬೇಕು. ಆದ್ದರಿಂದ ಕೋಣೆಗಿಷ್ಟೇ ಮದ್ದು, ಇಷ್ಟೇ ಜನ ಎಂಬ ಮಿತಿ. 2012ರ ಸೆಪ್ಟೆಂಬರ್ 5ರಂದು ಮುದಲಿಪಟ್ಟಿಯ ಕಾರ್ಖಾನೆಯೊಂದರ ಸ್ಫೋಟದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು.

ಬೆಂಕಿಕಡ್ಡಿಯೇ ಬೇಕಿಲ್ಲ. ನೈಲಾನ್ ಸೀರೆಯ ಉಜ್ಜಾಟದಿಂದ ಮೈಯಲ್ಲಿ ಕೂಡಿದ ವಿದ್ಯುತ್ತಿನ ಸಣ್ಣ ಕಿಡಿ, ಅಲ್ಯೂಮಿನಿಯಂ ಪುಡಿ ಬೆರೆತ ಮದ್ದಿಗೆ ಸಾಕು. ಅದಕ್ಕೇ ಹತ್ತಿಬಟ್ಟೆ, ಬರಿಗಾಲು. ಒಳಹೋಗುವ ಮುನ್ನ ನೆಲಕ್ಕೆ ತಂತಿ ಬೆಸೆದ ಲೋಹದ ತಗಡನ್ನು ಮುಟ್ಟಬೇಕು.

ಹೊಸಬರಿಗೆ ಕಲಿಸಬೇಕಾದ ಇನ್ನೊಂದು ಪಾಠ: ಬೆರೆಸಿದ ಮದ್ದನ್ನು ರಾತ್ರಿಗೆ ಉಳಿಸಬಾರದು. ತೇವ ತಗುಲಿದರೆ ಅದು ತಾನೇ ಕಾಯುತ್ತದೆ. ಬಿಸಿಯಾದರೆ, ಮೂಗಿಗೆ ಅಮೋನಿಯಾ ಘಾಟು ಬಡಿದರೆ, ಮುಟ್ಟದೆ ಹೊರಗೋಡಬೇಕು.