ಮಗುವಿಗೆ ಭೇದಿಯಾದಾಗ ಓಆರ್‌ಎಸ್: ನೀರು ಎಷ್ಟು, ಗುಟುಕು ಎಷ್ಟು, ಯಾವಾಗ ನಿಲ್ಲಿಸಬೇಕು?



ಮಗುವಿಗೆ ನೀರಿನಂತೆ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸಬೇಕು ಎಂಬುದು ನಿಮಗೆಲ್ಲ ಗೊತ್ತು. ಆದರೂ "ಕುಡಿಸಿದೆವು ಡಾಕ್ಟ್ರೇ, ವಾಂತಿ ಮಾಡಿಕೊಂಡಿತು", "ಕುಡಿಸಿದರೂ ಮೋಷನ್ ನಿಲ್ಲಲಿಲ್ಲ" ಎನ್ನುತ್ತಾ ಆಸ್ಪತ್ರೆಗೆ ಬರುವವರು ಬಹಳ. ಹೆಚ್ಚಿನ ಸಲ ತಪ್ಪಿರುವುದು ಪುಡಿಯಲ್ಲಲ್ಲ, ಕಲಸಿದ ರೀತಿಯಲ್ಲಿ ಮತ್ತು ಕುಡಿಸಿದ ರೀತಿಯಲ್ಲಿ. ಇವತ್ತು ಅದನ್ನೇ ನಿಧಾನವಾಗಿ ನೋಡೋಣ.

ಮೊದಲು ಅಂಗಡಿಯಿಂದ ಶುರು ಮಾಡೋಣ. ಅಬಿಡ್ಸ್‌ನಲ್ಲೋ ಕೋಠಿಯಲ್ಲೋ ಮೆಡಿಕಲ್ ಶಾಪಿಗೆ ಹೋಗಿ ಓಆರ್‌ಎಸ್ ಕೇಳಿದರೆ ಕೆಲ ವರ್ಷಗಳ ಹಿಂದೆ ಬಣ್ಣಬಣ್ಣದ ಡಬ್ಬಿಯ ಸಿಹಿ ಪಾನೀಯವನ್ನೇ ಕೊಡುತ್ತಿದ್ದದ್ದುಂಟು. ಹೆಸರಿನಲ್ಲಿ ಓಆರ್‌ಎಸ್ ಇರುತ್ತಿತ್ತು, ಒಳಗೆ ಸಕ್ಕರೆ ಹಲವು ಪಟ್ಟು ಹೆಚ್ಚು, ಉಪ್ಪು ಕಡಿಮೆ. ಇದರ ವಿರುದ್ಧ ನಮ್ಮ ಹೈದರಾಬಾದಿನವರೇ ಆದ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಅವರು ಸುಮಾರು ಎಂಟು ವರ್ಷ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ತಯಾರಾಗದ ಪಾನೀಯಗಳು ತಮ್ಮ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದು ಎಂದು ಆದೇಶಿಸಿತು. ಆದರೂ ಹೆಸರು ಬದಲಾಯಿಸಿಕೊಂಡ ಸಿಹಿ ಪಾನೀಯ ಪಕ್ಕದ ಕಪಾಟಿನಲ್ಲೇ ಇರಬಹುದು. ಆದ್ದರಿಂದ ಪ್ಯಾಕೆಟ್ ತಿರುಗಿಸಿ ನೋಡಿ. "ಡಬ್ಲ್ಯೂಎಚ್‌ಓ ಫಾರ್ಮುಲಾ" ಎಂದಿರಬೇಕು. ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಸೋಡಿಯಂ ಕ್ಲೋರೈಡ್ 2.6 ಗ್ರಾಂ ಎಂದು ಬರೆದಿರಬೇಕು. ಅಂಗಡಿಯವರಿಗೆ ಕನ್ನಡ ಬರದಿದ್ದರೆ "ಡಬ್ಲ್ಯೂಎಚ್‌ಓ ವಾಲಾ ಓಆರ್‌ಎಸ್ ಪೌಡರ್ ದೇನಾ" ಎಂದರೆ ಸಾಕು.

ಸಕ್ಕರೆಯ ಮೇಲೆ ಇಷ್ಟು ಜಗಳ ಏಕೆ ಎಂದು ಕೇಳಬಹುದು. ಭೇದಿಯಾದಾಗ ಕರುಳು ಬರೀ ನೀರನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದರೆ ಉಪ್ಪು ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಅವೆರಡನ್ನೂ ಒಟ್ಟಿಗೆ ಒಳಗೆ ಬಿಟ್ಟುಕೊಳ್ಳುವ ಬಾಗಿಲೊಂದು ಕರುಳಿನ ಗೋಡೆಯಲ್ಲಿ ತೆರೆದೇ ಇರುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಸಕ್ಕರೆ ಅಳತೆ ಮೀರಿದರೆ ಆಟ ಉಲ್ಟಾ. ಮೈಯಲ್ಲಿರುವ ನೀರನ್ನೇ ಸಕ್ಕರೆ ಕರುಳಿನೊಳಕ್ಕೆ ಎಳೆಯುತ್ತದೆ, ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಕೂಲ್‌ಡ್ರಿಂಕ್, ಡಬ್ಬಿಯ ಜ್ಯೂಸ್, ಬರೀ ಗ್ಲೂಕೋಸ್ ಪುಡಿ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಊರಿನಿಂದ ಅಜ್ಜಿ ಫೋನಿನಲ್ಲಿ "ಸ್ವಲ್ಪ ಸೋಡಾ ಕುಡಿಸಿ" ಎಂದರೆ, ಹ್ಞೂಂ ಅನ್ನಿ, ಕುಡಿಸಬೇಡಿ.

ಈಗ ನೀರು. ಪ್ಯಾಕೆಟ್ ಎರಡು ಅಳತೆಯಲ್ಲಿ ಬರುತ್ತದೆ. ಸುಮಾರು 21 ಗ್ರಾಂನ ದೊಡ್ಡದಕ್ಕೆ ಒಂದು ಲೀಟರ್ ನೀರು, ಸುಮಾರು 4 ಗ್ರಾಂನ ಚಿಕ್ಕದಕ್ಕೆ 200 ಮಿಲಿ. ಎಷ್ಟು ನೀರು ಎಂದು ಪ್ಯಾಕೆಟ್ ಮೇಲೇ ಬರೆದಿರುತ್ತದೆ, ಅದನ್ನೇ ಪಾಲಿಸಿ. ಅತಿ ಹೆಚ್ಚು ನಡೆಯುವ ತಪ್ಪು ಎಂದರೆ ದೊಡ್ಡ ಪ್ಯಾಕೆಟ್ ಒಡೆದು, ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಒಂದೆರಡು ಚಮಚ ಹಾಕಿ, ಉಳಿದದ್ದನ್ನು ಮಡಚಿ ಡಬ್ಬಿಯಲ್ಲಿಡುವುದು. ಪುಡಿಯೊಳಗಿನ ಉಪ್ಪು, ಗ್ಲೂಕೋಸ್ ಪ್ರತಿ ಚಮಚದಲ್ಲೂ ಸಮನಾಗಿ ಬರುತ್ತವೆಂಬ ಖಾತ್ರಿಯಿಲ್ಲ. ಇನ್ನು ಇಡೀ ದೊಡ್ಡ ಪ್ಯಾಕೆಟನ್ನು ಒಂದೇ ಲೋಟಕ್ಕೆ ಸುರಿದರೆ ಅದು ಐದು ಪಟ್ಟು ಗಟ್ಟಿಯಾಗುತ್ತದೆ. ಆ ನೀರಿನಲ್ಲಿ ಮಗುವಿನ ರಕ್ತದಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸೋಡಿಯಂ ಇರುತ್ತದೆ. ಇದು ಔಷಧಿಯಲ್ಲ, ಅಪಾಯ. ಫಿಟ್ಸ್ ಕೂಡ ಬರಬಹುದು. ನೀರು ಜಾಸ್ತಿಯಾದರೆ ಅಷ್ಟು ಭಯವಿಲ್ಲ, ಆದರೆ ಹೋದ ಉಪ್ಪು ವಾಪಸ್ ಬರುವುದಿಲ್ಲ.

ಅಳತೆಗೆ ಸುಲಭ ದಾರಿ, ಒಂದು ಲೀಟರಿನ ಖಾಲಿ ನೀರಿನ ಬಾಟಲಿ. ಮನೆಯ ಸ್ಟೀಲ್ ಲೋಟಗಳನ್ನು ನಂಬಬೇಡಿ, ಒಂದು 150 ಹಿಡಿದರೆ ಇನ್ನೊಂದು 300 ಹಿಡಿಯುತ್ತದೆ. ನೀರನ್ನು ಕುದಿ ಬಂದ ಮೇಲೂ ಒಂದೆರಡು ನಿಮಿಷ ಕುದಿಸಿ, ಪೂರ್ತಿ ಆರಿಸಿ. ಬಾಡಿಗೆ ರೂಮಿಗೆ ಬರುವ ಕ್ಯಾನ್ ನೀರಾದರೂ ಕುದಿಸಿಯೇ ಬಳಸಿ, ಏಕೆಂದರೆ ಕ್ಯಾನು, ನಲ್ಲಿ ಎಷ್ಟು ಸ್ವಚ್ಛ ಎಂಬುದು ನಮ್ಮ ಕೈಯಲ್ಲಿಲ್ಲ. ಆರಿದ ನೀರನ್ನು ಬಾಟಲಿಯಲ್ಲಿ ಅಳೆದು, ತೊಳೆದ ಪಾತ್ರೆಗೆ ಹಾಕಿ, ಕೈ ಸೋಪಿನಿಂದ ತೊಳೆದು ಇಡೀ ಪ್ಯಾಕೆಟ್ ಸುರಿದು ಕರಗುವವರೆಗೆ ಕಲಸಿ. ಸಕ್ಕರೆ, ಹಾಲು, ಜ್ಯೂಸ್ ಏನೂ ಸೇರಿಸಬೇಡಿ. ಕಲಸಿದ ಮೇಲೆ ಮತ್ತೆ ಕುದಿಸಬೇಡಿ. ನಾಲಿಗೆಗೆ ಹಚ್ಚಿ ನೋಡಿ, ಕಣ್ಣೀರಿಗಿಂತ ಹೆಚ್ಚು ಉಪ್ಪೆನಿಸಿದರೆ ಚೆಲ್ಲಿ ಹೊಸದಾಗಿ ಮಾಡಿ. ಮುಚ್ಚಿಟ್ಟರೆ 24 ಗಂಟೆ ಬಳಸಬಹುದು. ಆಮೇಲೆ ಉಳಿದದ್ದನ್ನು ಚೆಲ್ಲಬೇಕು, ಅರ್ಧ ಲೀಟರ್ ಉಳಿದಿದ್ದರೂ ಸರಿ.

ಕುಡಿಸುವ ರೀತಿಗೆ ಬರೋಣ, ಕಷ್ಟವಿರುವುದು ಇಲ್ಲೇ. ನಿಮ್ಮ ಮಗುವಿಗೆ ಒಂದೂವರೆ ವರ್ಷ, ತೂಕ 10 ಕೆ.ಜಿ. ಎಂದುಕೊಳ್ಳಿ. ಬೆಳಿಗ್ಗೆಯಿಂದ ಮೂರು ಸಲ ನೀರಿನಂತೆ ಭೇದಿಯಾಗಿದೆ, ಆದರೆ ಆಡುತ್ತಿದೆ, ಉಚ್ಚೆ ಹೋಗುತ್ತಿದೆ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ ಕೊಡಬೇಕು. ಎರಡು ವರ್ಷ ದಾಟಿದವರಿಗೆ 100ರಿಂದ 200 ಮಿಲಿ. ನಮ್ಮ ಮಗುವಿಗೆ 50 ಮಿಲಿ ಎಂದರೆ 5 ಮಿಲಿಯ ಟೀ ಚಮಚದಲ್ಲಿ ಹತ್ತು ಚಮಚ. ಒಂದೆರಡು ನಿಮಿಷಕ್ಕೆ ಒಂದು ಚಮಚದಂತೆ ಕೊಟ್ಟರೆ ಕಾಲು ಗಂಟೆ ಬೇಕು, 100 ಮಿಲಿಗೆ ಅರ್ಧ ಗಂಟೆ. ಮನೆಯ ಚಮಚದ ಅಳತೆ ಗೊತ್ತಿಲ್ಲದಿದ್ದರೆ ಸಿರಪ್ ಬಾಟಲಿಯ ಜೊತೆ ಬರುವ 5 ಮಿಲಿ ಗುರುತಿನ ಮುಚ್ಚಳ ಬಳಸಿ.

ಅಷ್ಟು ಹೊತ್ತು ಕೂರಲು ಯಾರಿಗೆ ಪುರುಸೊತ್ತು, ಬಾಟಲಿಗೆ ಹಾಕಿ ಕೊಟ್ಟುಬಿಡೋಣ ಎನ್ನಿಸುತ್ತದೆ. ಬಾಯಾರಿದ ಮಗು 100 ಮಿಲಿಯನ್ನು ಗಟಗಟ ಕುಡಿಯುತ್ತದೆ, ಹೊಟ್ಟೆ ಒಮ್ಮೆಲೇ ಹಿಗ್ಗುತ್ತದೆ, ಐದು ನಿಮಿಷದಲ್ಲಿ ಎಲ್ಲವೂ ಹೊರಗೆ. ಆಗ ಮನೆಯವರು "ಓಆರ್‌ಎಸ್ ಆಗಿಬರಲ್ಲ" ಎಂದು ನಿಲ್ಲಿಸುತ್ತಾರೆ. ಆಗಿಬರದಿದ್ದದ್ದು ವೇಗ. ವಾಂತಿಯಾದರೆ 10 ನಿಮಿಷ ಸುಮ್ಮನಿರಿ, ಮತ್ತೆ ಶುರು ಮಾಡಿ. ಈ ಸಲ ಎರಡು ಮೂರು ನಿಮಿಷಕ್ಕೆ ಒಂದು ಚಮಚ. ದೊಡ್ಡ ಮಕ್ಕಳಿಗೆ ಲೋಟದಿಂದಲೇ ಕೊಡಬಹುದು, ಆದರೆ ಸಣ್ಣ ಗುಟುಕು, ಮತ್ತೆ ಮತ್ತೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಮಗುವನ್ನು ನೋಡಿಕೊಳ್ಳುವ ಅಕ್ಕನಿಗೋ ಪಕ್ಕದ ಮನೆಯವರಿಗೋ ಚಮಚ, ಗಡಿಯಾರ ಎರಡನ್ನೂ ತೋರಿಸಿ ಹೇಳಿ ಹೋಗಿ.

ಎದೆಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಊಟವನ್ನೂ ನಿಲ್ಲಿಸಬಾರದು. ಗಂಜಿ, ಮೊಸರನ್ನ, ಬೇಳೆ ಕಲಸಿದ ಮೆತ್ತನೆ ಅನ್ನ, ಬಾಳೆಹಣ್ಣು ಸ್ವಲ್ಪ ಸ್ವಲ್ಪ ಕೊಡಿ. ಇದರ ಜೊತೆ ಜಿಂಕ್ ಮಾತ್ರೆ 14 ದಿನ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿ.ಗ್ರಾಂ, ಒಂದು ಚಮಚ ನೀರಲ್ಲೋ ಎದೆಹಾಲಲ್ಲೋ ಕರಗಿಸಿ. ಭೇದಿ ಮೂರೇ ದಿನಕ್ಕೆ ನಿಂತರೂ ಜಿಂಕ್ 14 ದಿನ ಪೂರ್ತಿ ಕೊಡಬೇಕು. ಭೇದಿ ಕಟ್ಟುವ ದೊಡ್ಡವರ ಮಾತ್ರೆಯನ್ನು ಮುರಿದು ಮಗುವಿಗೆ ಕೊಡಲೇಬೇಡಿ.

ಹಾಗಾದರೆ ಓಆರ್‌ಎಸ್ ಯಾವಾಗ ನಿಲ್ಲಿಸಬೇಕು? ಭೇದಿ ನಿಂತಾಗ. ಓಆರ್‌ಎಸ್ ಭೇದಿಯನ್ನು ಕಟ್ಟುವುದಿಲ್ಲ, ಹೋದ ನೀರನ್ನು ತುಂಬುತ್ತದೆ ಅಷ್ಟೇ. ಭೇದಿ ತಾನಾಗಿ ಕೆಲವು ದಿನಗಳಲ್ಲಿ, ಸಾಮಾನ್ಯವಾಗಿ ವಾರದೊಳಗೆ ಕಡಿಮೆಯಾಗುತ್ತದೆ. "ಒಂದು ದಿನ ಕೊಟ್ಟೆವು, ನಿಲ್ಲಲಿಲ್ಲ" ಎಂದು ಬಿಡಬಾರದು. ಮಲ ಗಟ್ಟಿಯಾಗುತ್ತ ಬಂದು ನೀರಿನಂತೆ ಹೋಗುವುದು ನಿಂತ ಮೇಲೆ ಓಆರ್‌ಎಸ್ ಬೇಕಿಲ್ಲ, ಮಾಮೂಲಿ ನೀರು, ಮಜ್ಜಿಗೆ ಸಾಕು. ಶಕ್ತಿ ಬರಲಿ ಎಂದು ದಿನವೂ ಕುಡಿಸುವ ಪಾನೀಯ ಇದಲ್ಲ. ಇನ್ನೊಂದು ಸಂದರ್ಭದಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಗುತ್ತದೆ. ಮಗುವಿನ ಕಣ್ಣಿನ ರೆಪ್ಪೆ ಊದಿಕೊಂಡಂತೆ ಕಂಡರೆ ಒಳಗೆ ಹೋದದ್ದು ಜಾಸ್ತಿಯಾಗಿದೆ ಎಂದರ್ಥ. ಆಗ ಓಆರ್‌ಎಸ್ ಬಿಟ್ಟು ಎದೆಹಾಲು, ಬರೀ ನೀರು ಕೊಡಿ. ಊತ ಇಳಿದ ಮೇಲೂ ಭೇದಿ ಇದ್ದರೆ ಮೊದಲಿನ ಅಳತೆಯಲ್ಲೇ ಮುಂದುವರಿಸಿ.

ಮನೆಯಲ್ಲಿ ಸಾಲದು ಎಂದು ತಿಳಿಯುವುದು ಹೇಗೆ? ಕಣ್ಣು ಗುಳಿಬಿದ್ದಿದ್ದರೆ, ಮಗು ವಿಪರೀತ ಕಿರಿಕಿರಿ ಮಾಡುತ್ತ ಚಮಚ ಕಂಡರೆ ಹಾತೊರೆದು ಕುಡಿಯುತ್ತಿದ್ದರೆ, ಆರು ಗಂಟೆಗೂ ಮೀರಿ ಉಚ್ಚೆ ಹೋಗದಿದ್ದರೆ ನೀರು ಆಗಲೇ ಕಡಿಮೆಯಾಗಿದೆ. ಹೊಕ್ಕುಳದ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ. ಥಟ್ಟನೆ ಸಮವಾಗದೆ ನಿಧಾನವಾಗಿ ಇಳಿದರೂ ಹಾಗೆಯೇ. ಇಂಥ ಮಗುವಿಗೆ ಆಸ್ಪತ್ರೆಯಲ್ಲಿ ಕೂರಿಸಿಕೊಂಡು ನಾಲ್ಕು ಗಂಟೆಯಲ್ಲಿ ಕೆ.ಜಿ.ಗೆ 75 ಮಿಲಿ ಲೆಕ್ಕದಲ್ಲಿ ಓಆರ್‌ಎಸ್ ಕುಡಿಸುತ್ತಾರೆ. ನಮ್ಮ 10 ಕೆ.ಜಿ. ಮಗುವಿಗೆ 750 ಮಿಲಿ, ಅಂದರೆ 150 ಚಮಚ. ಅಲ್ಲೂ ಒಂದೂವರೆ ನಿಮಿಷಕ್ಕೆ ಒಂದು ಚಮಚದ ಲೆಕ್ಕವೇ ಬರುತ್ತದೆ ನೋಡಿ.

ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಕುಡಿಯಲಾಗದಿದ್ದರೆ, ಕೊಟ್ಟದ್ದೆಲ್ಲ ವಾಂತಿಯಾಗುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಲಕ್ಷಣಗಳಿಗಾಗಿ ಕಾಯುವುದೇ ಬೇಡ. ಅಬಿಡ್ಸ್ ಸುತ್ತಮುತ್ತ ಇರುವವರಿಗೆ ರೆಡ್ ಹಿಲ್ಸ್‌ನ ನಿಲೋಫರ್ ಸರ್ಕಾರಿ ಮಕ್ಕಳ ಆಸ್ಪತ್ರೆ ಹತ್ತಿರ. ಆಟೋ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಮಗುವಿಗೆ ಎಚ್ಚರವಿದ್ದು ನುಂಗುತ್ತಿದ್ದರೆ ಕಲಸಿದ ಓಆರ್‌ಎಸ್ ಜೊತೆಗೇ ಒಯ್ದು ದಾರಿಯುದ್ದಕ್ಕೂ ಚಮಚ ಚಮಚ ಕೊಡುತ್ತಿರಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಎಷ್ಟು ಸಲ ಭೇದಿಯಾಯಿತು, ಕೊನೆಯ ಸಲ ಉಚ್ಚೆ ಹೋದದ್ದು ಯಾವಾಗ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡಿರಿ. ಡಾಕ್ಟರ್ ಯಾವ ಭಾಷೆಯಲ್ಲಿ ಮಾತಾಡಿದರೂ ಮೊದಲು ಕೇಳುವುದು ಈ ಎರಡನ್ನೇ.