ತ್ರಿಜ್ಯ ಅಳಿಸಿಹೋದ ಸಂಜೆ

ನಾಗರಪಂಚಮಿಗೆ ಮರದ ಕೊಂಬೆಗೆ ಕಟ್ಟಿದ ಜೋಕಾಲಿಯನ್ನು ತೂಗಿದವರಿಗೆ ಒಂದು ಸಂಗತಿ ಕೈಗೇ ಗೊತ್ತಿರುತ್ತದೆ. ಜೋಕಾಲಿ ತುಸುವೇ ಆಡುತ್ತಿರಲಿ, ಮೇಲಕ್ಕೆ ಜೀಕುತ್ತಿರಲಿ, ಅದು ಹೋಗಿ ಮರಳಿ ಬರಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ದೂರ ಹೋದಾಗ ಅದು ಜೋರಾಗಿಯೂ ಓಡುತ್ತದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ತೂಗುವವರು ತಮ್ಮ ಲಯ ಬದಲಿಸಬೇಕಿಲ್ಲ. ಅದೇ ತಾಳಕ್ಕೆ ಸಣ್ಣ ಸಣ್ಣ ನೂಕು ಕೊಡುತ್ತಿದ್ದರೆ ಸಾಕು, ಜೋಕಾಲಿ ತಾನಾಗಿ ಎತ್ತರಕ್ಕೇರುತ್ತದೆ.

ಕಾಂತಕ್ಷೇತ್ರದಲ್ಲಿ ಸುತ್ತುವ ಅಯಾನಿಗೂ ಇದೇ ಗುಣ ಇದೆ ಎಂಬುದರ ಮೇಲೆ ನಿಂತ ಯಂತ್ರ ಸೈಕ್ಲೋಟ್ರಾನ್. ಅದರ ಕಥೆ 1929ರಲ್ಲಿ, ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಸಂಜೆ ಆರಂಭವಾಗುತ್ತದೆ. 27 ವರ್ಷದ ಅರ್ನೆಸ್ಟ್ ಲಾರೆನ್ಸ್ ಜರ್ಮನ್ ಭಾಷೆಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪತ್ರಿಕೆಯೊಂದನ್ನು ತಿರುವಿಹಾಕುತ್ತಿದ್ದ. ಅವನಿಗೆ ಜರ್ಮನ್ ಅಷ್ಟಾಗಿ ಬರುತ್ತಿರಲಿಲ್ಲ. ಚಿತ್ರ ಮತ್ತು ಸಮೀಕರಣಗಳನ್ನು ನೋಡುತ್ತ ಹೋದ. ನಾರ್ವೆಯ ರೋಲ್ಫ್ ವಿಡೆರೋ ಬರೆದ ಲೇಖನದಲ್ಲಿ ಒಂದರ ಮುಂದೊಂದು ಜೋಡಿಸಿದ ಲೋಹದ ಕೊಳವೆಗಳ ಚಿತ್ರವಿತ್ತು. ಕೊಳವೆಗಳ ನಡುವಿನ ಸಂದಿಯಲ್ಲಿ 25,000 ವೋಲ್ಟ್‌ನ ಒಂದೇ ಮೂಲದಿಂದ ಎರಡು ಸಲ ನೂಕು ಕೊಟ್ಟು, ಪೊಟ್ಯಾಸಿಯಂ ಅಯಾನುಗಳಿಗೆ 50,000 ವೋಲ್ಟ್‌ನಷ್ಟು ಶಕ್ತಿ ತುಂಬಿದ್ದ ವಿಡೆರೋ.

ಪರಮಾಣುವಿನ ಬೀಜವನ್ನು ಒಡೆಯಲು ಆಗ ಎಲ್ಲರಿಗೂ ಬೇಕಿದ್ದದ್ದು ಭಾರೀ ವೋಲ್ಟೇಜು. ಆದರೆ ವೋಲ್ಟೇಜು ಏರಿದಂತೆ ಕಿಡಿ ಹಾರಿ ಉಪಕರಣಗಳು ಹಾಳಾಗುತ್ತಿದ್ದವು. ವಿಡೆರೋನ ಚಿತ್ರ ಬೇರೆ ದಾರಿ ತೋರಿತು: ದೊಡ್ಡ ನೂಕು ಒಂದು ಬೇಡ, ಚಿಕ್ಕ ನೂಕು ಹಲವು ಸಾಕು. ಲಾರೆನ್ಸ್ ಅಲ್ಲೇ ಕುಳಿತು ಲೆಕ್ಕ ಹಾಕಿದ. ಹಗುರವಾದ ಪ್ರೋಟಾನು ಬಹಳ ವೇಗವಾಗಿ ಓಡುವುದರಿಂದ ಕೊಳವೆಗಳ ಸಾಲು ಪ್ರಯೋಗಾಲಯದಲ್ಲಿ ಹಿಡಿಸದಷ್ಟು ಉದ್ದವಾಗುತ್ತಿತ್ತು. ಹಾಗಾದರೆ ಸಾಲನ್ನು ಬಗ್ಗಿಸಿದರೆ? ಅದೇ ಎರಡು ಕೊಳವೆಗಳಿಗೆ ಅಯಾನು ಮತ್ತೆ ಮತ್ತೆ ಮರಳಿ ಬಂದರೆ?

ಬಗ್ಗಿಸುವ ಕೆಲಸ ಕಾಂತದ್ದು. ವಿದ್ಯುದಾವೇಶವಿರುವ ಕಣ ಕಾಂತಕ್ಷೇತ್ರಕ್ಕೆ ಅಡ್ಡಲಾಗಿ ಓಡಿದಾಗ ಅದರ ಮೇಲೆ ಬೀಳುವ ಬಲ ಸದಾ ಓಟದ ದಿಕ್ಕಿಗೆ ಲಂಬವಾಗಿರುತ್ತದೆ. ಆ ಬಲ ಕಣದ ವೇಗವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ, ದಿಕ್ಕನ್ನಷ್ಟೇ ತಿರುಗಿಸುತ್ತದೆ. ಎಲ್ಲೆಡೆ ಸಮನಾಗಿರುವ ಕ್ಷೇತ್ರದಲ್ಲಿ ತಿರುವೂ ಸಮನಾಗಿರುವುದರಿಂದ ಕಣದ ಹಾದಿ ವೃತ್ತವಾಗುತ್ತದೆ. ವೃತ್ತದಲ್ಲಿ ಹಿಡಿದಿಡಲು ಬೇಕಾದ ಬಲವನ್ನು ಕಾಂತ ಕೊಡುವ ಬಲಕ್ಕೆ ಸಮ ಎಂದು ಬರೆದರೆ qvB = mv²/r. ಇದರಿಂದ ತ್ರಿಜ್ಯ r = mv/qB. ಕಣದ ವೇಗ ಇಮ್ಮಡಿಯಾದರೆ ಸುತ್ತೂ ಇಮ್ಮಡಿ ದೊಡ್ಡದು. ಇನ್ನು ಒಂದು ಸುತ್ತಿಗೆ ಹಿಡಿಯುವ ಕಾಲ, ಅಂದರೆ ಪರಿಧಿಯನ್ನು ವೇಗದಿಂದ ಭಾಗಿಸಿದ್ದು. ಅಲ್ಲಿ ತ್ರಿಜ್ಯದ ಬೆಲೆಯನ್ನು ಹಾಕಿದೊಡನೆ ವೇಗವೂ ತ್ರಿಜ್ಯವೂ ಎರಡೂ ಮಾಯವಾಗಿ T = 2πm/qB ಎಂದಷ್ಟೇ ಉಳಿಯುತ್ತದೆ.

ಈ ಸೂತ್ರ ಹೊಸದೇನಾಗಿರಲಿಲ್ಲ, ಭೌತವಿಜ್ಞಾನಿಗಳಿಗೆ ಗೊತ್ತಿದ್ದದ್ದೇ. ಆದರೆ ಅದರಲ್ಲಿ r ಇಲ್ಲದಿರುವುದು ಏನನ್ನು ಸಾಧ್ಯವಾಗಿಸುತ್ತದೆ ಎಂಬುದು ಲಾರೆನ್ಸ್‌ಗೆ ಹೊಳೆಯಿತು. ಅಯಾನು ಒಳಗಿನ ಸಣ್ಣ ಸುತ್ತಿನಲ್ಲಿರಲಿ, ಅಂಚಿನ ದೊಡ್ಡ ಸುತ್ತಿನಲ್ಲಿರಲಿ, ಸಂದಿಗೆ ಬರುವ ತಾಳ ಒಂದೇ. ಒಂದೇ ಆವರ್ತನದಲ್ಲಿ ದಿಕ್ಕು ಬದಲಿಸುವ ವೋಲ್ಟೇಜನ್ನು ಸಂದಿಗೆ ಕೊಟ್ಟರೆ ಪ್ರತಿ ಸಲವೂ ನೂಕು ಸರಿಯಾದ ಹೊತ್ತಿಗೇ ಬೀಳುತ್ತದೆ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಹೊಳಹೇ. ಉಳಿದದ್ದೆಲ್ಲ ಅದನ್ನು ನಿಜ ಮಾಡಲು ಪಟ್ಟ ಪಾಡು.

ಪಾಡು ಬಹುಪಾಲು ವಿದ್ಯಾರ್ಥಿಗಳದು. 1930ರಲ್ಲಿ ನೀಲ್ಸ್ ಎಡ್ಲೆಫ್ಸೆನ್ ಗಾಜು ಮತ್ತು ಅರಗಿನಿಂದ ಒರಟು ಮಾದರಿಗಳನ್ನು ಮಾಡಿದ. ಫಲಿತಾಂಶ ಸಂಶಯಕ್ಕೆ ಎಡೆಕೊಡುವಂತಿತ್ತು. ಬಳಿಕ ಸ್ಟ್ಯಾನ್ಲಿ ಲಿವಿಂಗ್ಸ್ಟನ್ ಅದನ್ನೇ ತನ್ನ ಪಿಎಚ್‌ಡಿ ವಿಷಯವಾಗಿ ಕೈಗೆತ್ತಿಕೊಂಡ. ಅಂಗೈ ಮೇಲೆ ಇಟ್ಟುಕೊಳ್ಳಬಹುದಾದಷ್ಟು ಚಿಕ್ಕ ಹಿತ್ತಾಳೆಯ ಚಪ್ಪಟೆ ಡಬ್ಬಿ, ಅದರೊಳಗೆ ಅರ್ಧಚಂದ್ರದಂತೆ ಟೊಳ್ಳಾದ ವಿದ್ಯುದ್ವಾರ. ಇಂಗ್ಲಿಷಿನ ಡಿ ಅಕ್ಷರವನ್ನು ಹೋಲುವುದರಿಂದ ಅದಕ್ಕೆ ‘ಡೀ’ ಎಂಬ ಹೆಸರೇ ನಿಂತಿತು. ಗಾಳಿಯನ್ನೆಲ್ಲ ಹೊರಗೆಳೆದ ಡಬ್ಬಿಯನ್ನು ಕಾಂತದ ಎರಡು ಧ್ರುವಗಳ ನಡುವೆ ಇಟ್ಟು 1931ರ ಜನವರಿ 2ರಂದು ಅವನು ಹೈಡ್ರೋಜನ್ ಅಣುವಿನ ಅಯಾನುಗಳನ್ನು 80,000 ಎಲೆಕ್ಟ್ರಾನ್ ವೋಲ್ಟ್‌ಗೆ ಏರಿಸಿದ. ಡೀಗೆ ಕೊಟ್ಟ ವೋಲ್ಟೇಜು ಎರಡು ಸಾವಿರಕ್ಕಿಂತಲೂ ಕಡಿಮೆ.

ಆ ದಿನದ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಕಾಂತಕ್ಷೇತ್ರ 1.27 ಟೆಸ್ಲಾ, ಅಯಾನಿನ ದ್ರವ್ಯರಾಶಿ ಎರಡು ಪ್ರೋಟಾನುಗಳಷ್ಟು. T = 2πm/qB ಸೂತ್ರದಲ್ಲಿ ಹಾಕಿದರೆ ಒಂದು ಸುತ್ತಿಗೆ 0.103 ಮೈಕ್ರೋಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು 97 ಲಕ್ಷ ಸುತ್ತು, 9.7 ಮೆಗಾಹರ್ಟ್ಸ್. ಹಳೆಯ ರೇಡಿಯೊ ಕೇಳುಗರಿಗೆ ಇದು ಪರಿಚಿತ ಜಾಗ: ಶಾರ್ಟ್‌ವೇವ್‌ನ 31 ಮೀಟರ್ ಬ್ಯಾಂಡು ಇಲ್ಲೇ ಇರುವುದು. ಪ್ರತಿ ದಾಟಿಗೆ ಸಾವಿರ ವೋಲ್ಟ್‌ನ ನೂಕು ಎಂದಿಟ್ಟುಕೊಳ್ಳೋಣ. ಮೊದಲ ನೂಕಿನ ನಂತರ ಅಯಾನಿನ ವೇಗ ಸೆಕೆಂಡಿಗೆ ಸುಮಾರು 300 ಕಿಲೋಮೀಟರ್, ಸುತ್ತಿನ ತ್ರಿಜ್ಯ ಅರ್ಧ ಸೆಂಟಿಮೀಟರ್. ಎಂಬತ್ತನೇ ನೂಕಿನ ನಂತರ ವೇಗ ಸುಮಾರು 2,770 ಕಿಲೋಮೀಟರ್, ತ್ರಿಜ್ಯ ನಾಲ್ಕೂವರೆ ಸೆಂಟಿಮೀಟರ್. ವೇಗ ಒಂಬತ್ತು ಪಟ್ಟು, ಹಾದಿಯೂ ಒಂಬತ್ತು ಪಟ್ಟು, ಕಾಲ ಮಾತ್ರ ಅದೇ 0.103 ಮೈಕ್ರೋಸೆಕೆಂಡ್. ನಲವತ್ತು ಸುತ್ತಿನ ಈ ಇಡೀ ಓಟ ಮುಗಿಯಲು ನಾಲ್ಕು ಮೈಕ್ರೋಸೆಕೆಂಡ್ ಸಾಕು.

ಕಣ್ಣಿಗೆ ಕಾಣದ ಈ ಓಟ ನಿಜವಾಗಿ ನಡೆಯಿತೆಂದು ತಿಳಿಯುವುದು ಹೇಗೆ? ಅಂಚಿನಲ್ಲಿ ಅಯಾನುಗಳನ್ನು ಹಿಡಿಯುವ ಒಂದು ಲೋಹದ ತಟ್ಟೆ, ಅದಕ್ಕೆ ವಿದ್ಯುತ್ ಅಳೆಯುವ ಉಪಕರಣ. ಆವರ್ತನವನ್ನು ಕದಲಿಸದೆ ಕಾಂತವನ್ನು ಮೆಲ್ಲಗೆ ಬಲಗೊಳಿಸುತ್ತ ಹೋದರೆ ಮುಳ್ಳು ಬಹಳ ಹೊತ್ತು ಸುಮ್ಮನಿರುತ್ತದೆ. ಒಂದು ನಿರ್ದಿಷ್ಟ ಬಲದಲ್ಲಿ ತಟ್ಟನೆ ಏರಿ ಮತ್ತೆ ಇಳಿಯುತ್ತದೆ. ಆ ಶಿಖರ ಸೂತ್ರ ಹೇಳಿದ ಕ್ಷೇತ್ರಬಲದಲ್ಲೇ ಬರುತ್ತದೆಯೇ, ಆವರ್ತನ ಬದಲಿಸಿದಾಗ ಅದಕ್ಕೆ ತಕ್ಕಂತೆ ಸರಿಯುತ್ತದೆಯೇ ಎಂದು ನೋಡಬೇಕು. ದಾರಿತಪ್ಪಿ ಬಂದ ಬಿಡಿ ಅಯಾನುಗಳು ಹೀಗೆ ತಾಳ ಹಿಡಿದು ಬರಲಾರವು.

ಇಲ್ಲಿಯವರೆಗೆ ಅಯಾನು ಸಮತಟ್ಟಾಗಿಯೇ ಓಡುತ್ತದೆಂದು ನಂಬಿದ್ದೆವು. ನಿಜದಲ್ಲಿ ಕೆಲವಕ್ಕಾದರೂ ಹೊರಡುವಾಗಲೇ ಮೇಲಕ್ಕೋ ಕೆಳಕ್ಕೋ ತುಸು ಓರೆ ಇರುತ್ತದೆ. ಕಾಂತರೇಖೆಯ ಗುಂಟ ಇರುವ ವೇಗವನ್ನು ಕಾಂತ ಮುಟ್ಟುವುದೇ ಇಲ್ಲ. ಹಾಗಾಗಿ ಆ ಅಯಾನು ಸುತ್ತುತ್ತಲೇ ಮೇಲಕ್ಕೆ ಸರಿಯುತ್ತದೆ. ವೃತ್ತ ಹೋಗಿ ಸ್ಪ್ರಿಂಗಿನಂಥ ಸುರುಳಿಯಾಗುತ್ತದೆ. ಒಂದು ಸುತ್ತಿನ ಕಾಲ ಇಲ್ಲೂ ಅದೇ T. ಆ ಕಾಲದಲ್ಲಿ ಮೇಲೇರಿದ ದೂರವೇ ಸುರುಳಿಯ ಎಳೆಯಿಂದ ಎಳೆಗಿರುವ ಅಂತರ. ಲಿವಿಂಗ್ಸ್ಟನ್‌ನ ಡಬ್ಬಿಯಲ್ಲಿ ಮೇಲ್ಮುಖ ವೇಗ ಸೆಕೆಂಡಿಗೆ ಬರೀ 10 ಕಿಲೋಮೀಟರ್ ಇದ್ದರೂ, ಅಂದರೆ ಆರಂಭದ ವೇಗದ ಮೂವತ್ತರಲ್ಲೊಂದು ಪಾಲು, ಸುತ್ತಿಗೆ ಒಂದು ಮಿಲಿಮೀಟರ್ ಏರಿಕೆ. ನಲವತ್ತು ಸುತ್ತಿಗೆ ನಾಲ್ಕು ಸೆಂಟಿಮೀಟರ್. ಚಪ್ಪಟೆ ಡಬ್ಬಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಅಯಾನು ಮೇಲಿನ ಗೋಡೆಗೆ ಬಡಿದು ಮುಗಿಯಿತು.

ಇಂಥ ಅಯಾನುಗಳನ್ನು ನಡುಮಟ್ಟಕ್ಕೆ ಮರಳಿಸಿದ್ದು ಎರಡು ಸಂಗತಿ. ಸಂದಿಯ ಬಾಯಿಗೆ ಹಾಕಿದ್ದ ತಂತಿಗಳ ಜಾಲರಿಯನ್ನು ಲಿವಿಂಗ್ಸ್ಟನ್ ತೆಗೆದುಹಾಕಿದಾಗ ಅಲ್ಲಿನ ವಿದ್ಯುತ್ ಕ್ಷೇತ್ರದ ರೇಖೆಗಳು ಬಾಗಿ, ಮಸೂರದಂತೆ ಅಯಾನುಗಳನ್ನು ಒಳಕ್ಕೆ ಒತ್ತತೊಡಗಿದವು. ಇನ್ನೊಂದು, ಕಾಂತದ ಅಂಚಿನಲ್ಲಿ ಕ್ಷೇತ್ರರೇಖೆಗಳು ಹೊರಕ್ಕೆ ಉಬ್ಬುತ್ತವೆ. ಅಂಥಲ್ಲಿ ಮೇಲೆ ಸರಿದ ಅಯಾನಿಗೆ ಕೆಳಮುಖ ಬಲ, ಕೆಳಗೆ ಸರಿದದ್ದಕ್ಕೆ ಮೇಲ್ಮುಖ ಬಲ. ಧ್ರುವಗಳ ನಡುವೆ ತೆಳು ಕಬ್ಬಿಣದ ಹಾಳೆಗಳನ್ನು ಕತ್ತರಿಸಿ ಸೇರಿಸುತ್ತ, ತೆಗೆಯುತ್ತ ಈ ಉಬ್ಬನ್ನು ಹದಗೊಳಿಸುವ ಕೈಚಳಕ ಬರ್ಕ್ಲಿಯಲ್ಲಿ ಬೆಳೆಯಿತು. 1932ರ ಹೊತ್ತಿಗೆ 11 ಇಂಚಿನ ಯಂತ್ರದಲ್ಲಿ ಪ್ರೋಟಾನುಗಳು ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ದಾಟಿದವು. 1939ರಲ್ಲಿ ಲಾರೆನ್ಸ್‌ಗೆ ನೊಬೆಲ್ ಬಂತು.

ಆದರೆ ಉಬ್ಬಬೇಕಾದರೆ ಕ್ಷೇತ್ರ ಹೊರಗೆ ಹೋದಂತೆ ತುಸು ಕ್ಷೀಣಿಸಲೇಬೇಕು. ಕ್ಷೀಣಿಸಿದಲ್ಲಿ ಸುತ್ತಿನ ಕಾಲ ಹೆಚ್ಚುತ್ತದೆ. ಇದರ ಜೊತೆಗೆ ಐನ್‌ಸ್ಟೈನ್‌ನ ಸಾಪೇಕ್ಷತೆಯೂ ಸೇರಿತು. ವೇಗ ಏರಿದಂತೆ ಕಣ ಹೆಚ್ಚು ದ್ರವ್ಯರಾಶಿ ಇರುವಂತೆ ವರ್ತಿಸುತ್ತದೆ, T ಮತ್ತೂ ಹಿಗ್ಗುತ್ತದೆ. ಬಹಳ ಎತ್ತರಕ್ಕೆ ಜೀಕಿದ ಜೋಕಾಲಿಯೂ ಹೀಗೇ ತಾಳಕ್ಕಿಂತ ಕೊಂಚ ತಡವಾಗುತ್ತದೆ. ಒಂದು ಕೋಟಿ ಎಲೆಕ್ಟ್ರಾನ್ ವೋಲ್ಟ್‌ನ ಪ್ರೋಟಾನಿಗೆ ಈ ವಿಳಂಬ ಶೇಕಡಾ ಒಂದು. ಅಷ್ಟೇ ತಾನೇ ಎನ್ನಬೇಡಿ. ಸುತ್ತಿಗೆ ನೂರರಲ್ಲೊಂದು ಪಾಲು ಹಿಂದೆ ಬಿದ್ದರೆ ಇಪ್ಪತ್ತೈದು ಸುತ್ತಿಗೆ ಕಾಲು ಸುತ್ತು ಹಿಂದೆ. ಆಗ ಅಯಾನು ಸಂದಿಗೆ ಬರುವ ಹೊತ್ತಿಗೆ ವೋಲ್ಟೇಜು ಸೊನ್ನೆ. ಅಲ್ಲಿಂದಾಚೆ ನೂಕು ತಡೆಯಾಗಿ ಬದಲಾಗುತ್ತದೆ. 1937ರಲ್ಲಿ ಹಾನ್ಸ್ ಬೆಥೆ ಮತ್ತು ಮಾರಿಸ್ ರೋಸ್ ಇದನ್ನೇ ಲೆಕ್ಕ ಹಾಕಿ, ಸೈಕ್ಲೋಟ್ರಾನಿಗೆ ಒಂದು ಮಿತಿ ಇದೆಯೆಂದು ತೋರಿಸಿದರು. ತಾಳ ಉಳಿಸಲು ಕ್ಷೇತ್ರ ಹೊರಗೆ ಬಲವಾಗಬೇಕು, ಅಯಾನುಗಳನ್ನು ನಡುಮಟ್ಟದಲ್ಲಿ ಹಿಡಿಯಲು ಕ್ಷೀಣಿಸಬೇಕು. ಎರಡೂ ಒಟ್ಟಿಗೆ ಹೇಗೆ?

ಉತ್ತರ ಮರುವರ್ಷವೇ ಬಂದಿತ್ತು. 1938ರಲ್ಲಿ ಎಲ್.ಎಚ್. ಥಾಮಸ್, ಕಾಂತದ ಧ್ರುವವನ್ನು ನುಣುಪಾಗಿಡದೆ ಸುತ್ತಲೂ ಗುಡ್ಡ, ಕಣಿವೆಗಳಂತೆ ಉಬ್ಬುತಗ್ಗು ಮಾಡಿ ಎಂದ. ಸುತ್ತುವ ದಾರಿಯಲ್ಲಿ ಕ್ಷೇತ್ರ ಬಲವಾಗುತ್ತ, ಕ್ಷೀಣವಾಗುತ್ತ ಹೋದರೆ ಆ ಏರಿಳಿತವೇ ಅಯಾನನ್ನು ನಡುಮಟ್ಟಕ್ಕೆ ಒತ್ತುತ್ತದೆ. ಸರಾಸರಿ ಕ್ಷೇತ್ರವನ್ನು ಹೊರಕ್ಕೆ ಹೆಚ್ಚಿಸಲು ತೊಂದರೆಯಿಲ್ಲ. ಇದು ಯಂತ್ರಗಳಲ್ಲಿ ಬಳಕೆಗೆ ಬರಲು ಬಹಳ ವರ್ಷ ಹಿಡಿಯಿತು. 1977ರಲ್ಲಿ ಮೊದಲ ಕಿರಣಪುಂಜ ಕೊಟ್ಟ ಕೋಲ್ಕತ್ತಾದ ಸೈಕ್ಲೋಟ್ರಾನ್ ಈ ಬಗೆಯದು. ಸಮ ಕ್ಷೇತ್ರದ ಗುಣದಿಂದ ಹುಟ್ಟಿದ ಯಂತ್ರ ಬೆಳೆಯಲು ಸಮ ಕ್ಷೇತ್ರವನ್ನೇ ಬಿಡಬೇಕಾಯಿತು.

ಇವತ್ತು ಆಸ್ಪತ್ರೆಗಳಿಗಾಗಿ ಕೆಲಸ ಮಾಡುವ ಸಣ್ಣ ಸೈಕ್ಲೋಟ್ರಾನುಗಳೂ ಇದೇ ಕುಲದವು, ಬೆಂಗಳೂರಿನಲ್ಲೂ ಇವೆ. ಪೆಟ್ ಸ್ಕ್ಯಾನ್‌ಗೆ ಬೇಕಾದ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗಿಬಿಡುವುದರಿಂದ ಅದನ್ನು ದೂರದಿಂದ ತರಿಸಿ ಕೂಡಿಡಲಾಗದು, ಬೇಕಾದಲ್ಲೇ ಮಾಡಿಕೊಳ್ಳಬೇಕು. ಈ ಯಂತ್ರಗಳಲ್ಲಿ ಬಹುಪಾಲು ಸುತ್ತುವುದು ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಹೊತ್ತ, ಋಣ ಆವೇಶದ ಹೈಡ್ರೋಜನ್. ಅಂಚಿಗೆ ಬಂದಾಗ ಅದು ತೆಳ್ಳನೆಯ ಇಂಗಾಲದ ಹಾಳೆಯೊಂದನ್ನು ತೂರಿಹೋಗುತ್ತದೆ. ಎರಡೂ ಎಲೆಕ್ಟ್ರಾನುಗಳು ಅಲ್ಲೇ ಕಳಚಿ, ಧನ ಆವೇಶದ ಪ್ರೋಟಾನು ಉಳಿಯುತ್ತದೆ. ಅಷ್ಟು ಹೊತ್ತು ಒಳಕ್ಕೆ ಎಳೆದು ಸುತ್ತಿಸುತ್ತಿದ್ದ ಅದೇ ಕಾಂತ ಈಗ ಅದನ್ನು ಹೊರಕ್ಕೆ ಬಾಗಿಸಿ, ಭಾರವಾದ ಆಕ್ಸಿಜನ್-18 ಇರುವ ನೀರಿನ ಪುಟ್ಟ ಪಾತ್ರೆಗೆ ಕಳಿಸುತ್ತದೆ.